ಕೆಲಸ ಬಿಟ್ಟು ಮೂರು ವರ್ಷ ಆಗ್ತಾ ಬಂತು, ಈಗ ಜರ್ಮನಿ ವೀಸಾಕ್ಕೆ ಹಳೇ ಫ್ಯಾಕ್ಟರಿಯ ಪತ್ರ ಬೇಕು

ಪ್ರಶ್ನೆ: ಸರ್, ನಾನು ಹಾವೇರಿಯವನು, ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ವಾಲ್ವ್ ಫ್ಯಾಕ್ಟರಿಯಲ್ಲಿ ಜೂನ್ 2019ರಿಂದ 14 ಆಗಸ್ಟ್ 2023ರವರೆಗೆ ಸಿಎನ್‌ಸಿ ಮೇಲೆ ಕೆಲಸ ಮಾಡಿದೆ. ಮೊದಲ ಒಂದೂವರೆ ವರ್ಷ ಟ್ರೇನಿ, ಕೊನೆಗೆ ಸಂಬಳ 24,000. ಅಪ್ಪನಿಗೆ ಆರಾಮ ಇಲ್ಲದ್ದಕ್ಕೆ 30 ದಿನದ ನೋಟಿಸ್ ಬದಲು 10 ದಿನಕ್ಕೇ ಬಿಟ್ಟೆ. ಆಗಸ್ಟ್ ಸಂಬಳ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆಮೇಲಿಂದ ರಾಣೆಬೆನ್ನೂರಿನಲ್ಲಿ ಮಾವನ ಬೀಜದ ಅಂಗಡಿ ನೋಡ್ಕೊಂಡಿದ್ದೇನೆ. ಇದೇ ಮಾರ್ಚ್‌ನಲ್ಲಿ ಜರ್ಮನಿಯ ಕಂಪನಿಯೊಂದರಿಂದ ಸಿಎನ್‌ಸಿ ಕೆಲಸದ ಆಫರ್ ಬಂದಿದೆ. ಡಿಪ್ಲೊಮಾ ಜೊತೆ ಎರಡು ವರ್ಷದ ಅನುಭವ ತೋರಿಸುವ ವೀಸಾ ಅಂತೆ. ಅನುಭವ ಪತ್ರ, ರಿಲೀವಿಂಗ್ ಲೆಟರ್ ಕೇಳಿದ್ದಾರೆ. ಮಾಲಕರಿಗೆ ಫೋನ್ ಮಾಡಿದರೆ "ನೋಟಿಸ್ ಪೇ 16,000 ಕಟ್ಟು, ಆಮೇಲೆ ನೋಡೋಣ" ಅಂದರು. ಪಿಎಫ್‌ನಲ್ಲಿ ಬಿಟ್ಟ ದಿನಾಂಕವೂ ಖಾಲಿ ಇದೆ. ಏನು ಮಾಡಲಿ?

ಉತ್ತರ: ಮೊದಲು ಕ್ಯಾಲೆಂಡರ್ ತೆಗೆಯಿರಿ. 16,000ದ ಮಾತು ಆಮೇಲೆ.

ನೀವು ಹೇಳುತ್ತಿರುವ ವೀಸಾಕ್ಕೆ ಎರಡು ವರ್ಷದ ಅನುಭವ ಇದ್ದರೆ ಸಾಲದು. ಆ ಎರಡು ವರ್ಷ ಹಿಂದಿನ ಐದು ವರ್ಷದ ಒಳಗೆ ಬರಬೇಕು. ಈ ಮಾತನ್ನು ಎಷ್ಟೋ ಏಜೆಂಟರು ಹೇಳುವುದೇ ಇಲ್ಲ. ಬೀಜದ ಅಂಗಡಿಯ ಕೆಲಸ ಸಿಎನ್‌ಸಿ ಕೆಲಸಕ್ಕೆ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ನಿಮ್ಮ ಕೈಯಲ್ಲಿ ಇರುವುದು ಹುಬ್ಬಳ್ಳಿಯ ಅನುಭವ ಒಂದೇ. ಈಗ ಲೆಕ್ಕ ಹಾಕಿ. ಮೇ 2026ರ ಮೊದಲ ದಿನ ಅರ್ಜಿ ಹಾಕಿದರೆ ಐದು ವರ್ಷ ಹಿಂದೆ ಅಂದರೆ ಮೇ 2021. ಅಲ್ಲಿಂದ 14 ಆಗಸ್ಟ್ 2023ರವರೆಗೆ 27 ತಿಂಗಳು ಚಿಲ್ಲರೆ ಆಯಿತು. ಬೇಕಾಗಿದ್ದು 24. ನೀವು ಒಂದು ತಿಂಗಳು ತಡ ಮಾಡಿದರೆ ಹಿಂದಿನ ತುದಿಯಲ್ಲಿ ಒಂದು ತಿಂಗಳು ಕಳಚಿಕೊಳ್ಳುತ್ತದೆ. ಆಗಸ್ಟ್ 14 ದಾಟಿತೋ, ಪತ್ರ ಎಷ್ಟೇ ಚೆನ್ನಾಗಿದ್ದರೂ 24 ತಿಂಗಳು ಆಗುವುದಿಲ್ಲ. ಅದೂ ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿದರೆ. ಕೊನೇ ವಾರದವರೆಗೆ ಎಳೆಯಬೇಡಿ, ಮೇ ಒಳಗೆ ಪತ್ರ ಕೈಗೆ ಬರಬೇಕು ಅಂತ ಇಟ್ಟುಕೊಳ್ಳಿ.

ಅದಕ್ಕೇ ಹೇಳುವುದು, ಮಾಲಕರ ಜೊತೆ ಸರಿ ತಪ್ಪು ಅಂತ ವಾದ ಮಾಡಿ ಗೆಲ್ಲುವಷ್ಟು ಸಮಯ ನಿಮಗಿಲ್ಲ.

ಎರಡನೇ ವಿಷಯ. ನೀವು ಎರಡು ಪತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೀರಿ. ಅವು ಬೇರೆ ಬೇರೆ. ರಿಲೀವಿಂಗ್ ಲೆಟರ್ ಅಂದರೆ "ಇವರ ರಾಜೀನಾಮೆ ಒಪ್ಪಿದ್ದೇವೆ, ಇಂಥ ದಿನ ಬಿಡುಗಡೆ ಮಾಡಿದ್ದೇವೆ, ಬಾಕಿ ಏನೂ ಇಲ್ಲ" ಎನ್ನುವ ಕಾಗದ. ಅದು ನಮ್ಮ ದೇಶದಲ್ಲಿ ಮುಂದಿನ ಕಂಪನಿಗೆ ಬೇಕಾಗುತ್ತದೆ. ವೀಸಾ ಅಧಿಕಾರಿಗೆ ನೀವು ನೋಟಿಸ್ ಪೂರ್ತಿ ಕೊಟ್ಟಿರಾ ಇಲ್ಲವಾ ಎನ್ನುವುದು ಮುಖ್ಯ ಅಲ್ಲ. ಅವರು ನೋಡುವುದು ಏನು ಕೆಲಸ ಮಾಡಿದಿರಿ, ಎಷ್ಟು ದಿನ ಮಾಡಿದಿರಿ, ಪೂರ್ಣಾವಧಿ ಕೆಲಸವೋ ಅಲ್ಲವೋ, ಆಫರ್ ಬಂದಿರುವ ಕೆಲಸಕ್ಕೆ ಅದು ಹೊಂದುತ್ತದಾ ಅಂತ. ಅದನ್ನು ಹೇಳುವುದು ಅನುಭವ ಪತ್ರ. ಮಾಲಕರು ಹಣಕ್ಕೆ ಗಂಟು ಹಾಕುತ್ತಿರುವುದು ರಿಲೀವಿಂಗ್ ಲೆಟರ್‌ಗೆ, ಯಾಕಂದರೆ "ಬಾಕಿ ಇಲ್ಲ" ಅಂತ ಬರೆಯಬೇಕಾಗಿರುವುದು ಅದರಲ್ಲಿ. ಅನುಭವ ಪತ್ರದಲ್ಲಿ ಬಾಕಿಯ ಮಾತೇ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಕೇಳಿದ್ದಕ್ಕೆ ಎರಡೂ ಒಟ್ಟಿಗೆ ಸಿಕ್ಕಿಹಾಕಿಕೊಂಡಿವೆ. ಮೊದಲು ಅನುಭವ ಪತ್ರ ಒಂದನ್ನೇ ಕೇಳಿ, ರಿಲೀವಿಂಗ್ ಲೆಟರ್ ಲೆಕ್ಕ ಮುಗಿದ ಮೇಲೆ ಬರಲಿ.

ಈಗ ಆ 16,000ಕ್ಕೆ ಬರೋಣ. ನಾನು ಹುಬ್ಬಳ್ಳಿಯ ಸಣ್ಣ ಫ್ಯಾಕ್ಟರಿಗಳಿಗೆ ಪಿಎಫ್, ಇಎಸ್‌ಐ, ಸಂಬಳದ ರಿಜಿಸ್ಟರ್ ಬರೆದುಕೊಡುವ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲೆ ಇದ್ದೇನೆ. ಇಂಥ ಜಗಳಗಳಲ್ಲಿ ಹೆಚ್ಚಿನವು ಲೆಕ್ಕವನ್ನು ಅರ್ಧ ಮಾತ್ರ ಹಾಕಿದ್ದರಿಂದ ಹುಟ್ಟಿದವು. ಮಾಲಕರು 24,000ವನ್ನು 30ರಿಂದ ಭಾಗಿಸಿ ದಿನಕ್ಕೆ 800 ಹಿಡಿದಿದ್ದಾರೆ. ಕಡಿಮೆ ಬಿದ್ದ 20 ದಿನಕ್ಕೆ 16,000. ಇದು ಒಂದು ಕಡೆಯ ಲೆಕ್ಕ ಅಷ್ಟೇ.

ಇನ್ನೊಂದು ಕಡೆ ಏನಿದೆ ನೋಡಿ. ಆಗಸ್ಟ್ 1ರಿಂದ 14ರವರೆಗೆ ನೀವು ದುಡಿದಿದ್ದೀರಿ, ಸಂಬಳ ಬಂದಿಲ್ಲ. ಅದೇ 800ರ ಲೆಕ್ಕದಲ್ಲಿ 14 ದಿನಕ್ಕೆ 11,200 ಆಯಿತು. ಜೊತೆಗೆ ಗಳಿಕೆ ರಜೆ. ನೀವು ಬಿಟ್ಟಾಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಂ ಪ್ರಕಾರ 20 ದಿನ ಕೆಲಸ ಮಾಡಿದರೆ ಒಂದು ದಿನ ಸಂಬಳದ ರಜೆ ಜಮಾ ಆಗುತ್ತದೆ. ವರ್ಷದ ನಡುವೆ ತಾವಾಗೇ ಬಿಟ್ಟು ಹೋದವರಿಗೂ ಅದರ ಹಣ ಕೊಡಬೇಕು. ಜನವರಿಯಿಂದ ಆಗಸ್ಟ್ 14ರವರೆಗೆ ನೀವು 180 ದಿನ ಕೆಲಸಕ್ಕೆ ಬಂದಿದ್ದೀರಿ ಅಂತ ಇಟ್ಟುಕೊಂಡರೆ 9 ದಿನದ ರಜೆ. ಅದನ್ನು ಬಳಸಿರದಿದ್ದರೆ 7,200. ಎರಡೂ ಸೇರಿ 18,400.

ಅಂದರೆ ಮಾಲಕರ ಲೆಕ್ಕವನ್ನು ಪೂರ್ತಿ ಒಪ್ಪಿಕೊಂಡರೂ 16,000 ಕಳೆದು ನಿಮಗೇ 2,400 ಬರಬೇಕು. ಹಿಂದಿನ ವರ್ಷದ ರಜೆ ಉಳಿದಿದ್ದರೆ ಇನ್ನೂ ಜಾಸ್ತಿ. ನಿಮ್ಮ ನೇಮಕಾತಿ ಪತ್ರ ತೆಗೆದು ನೋಟಿಸ್‌ನ ಸಾಲು ಓದಿ. ಎಷ್ಟೋ ಪತ್ರಗಳಲ್ಲಿ ನೋಟಿಸ್ ಪೇ ಮೂಲ ವೇತನದ ಮೇಲೆ ಅಂತ ಇರುತ್ತದೆ. ನಿಮ್ಮ ಬೇಸಿಕ್ 15,000 ಇದ್ದರೆ 20 ದಿನಕ್ಕೆ 10,000 ಮಾತ್ರ. ಕೆಲವು ಅಕೌಂಟೆಂಟರು ನೋಟಿಸ್ ಪೇ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಕೂಡ ಕೇಳುತ್ತಾರೆ. ಕೊಡಬೇಕಿಲ್ಲ. ನೋಟಿಸ್ ಪೇ ಮೇಲೆ ಜಿಎಸ್‌ಟಿ ಬರುವುದಿಲ್ಲ ಅಂತ ಆಗಸ್ಟ್ 2022ರ ಕೇಂದ್ರದ ಸುತ್ತೋಲೆಯಲ್ಲೇ ಇದೆ.

ಈ ಲೆಕ್ಕವನ್ನು ಮಾಲಕರ ಮುಖಕ್ಕೆ ಹಿಡಿಯಬೇಡಿ. ಒಂದು ಹಾಳೆಯ ಮೇಲೆ ನೀಟಾಗಿ ಬರೆದುಕೊಂಡು ಹೋಗಿ. "ಸರ್, ನಿಮ್ಮ 16,000 ನಾನು ಒಪ್ಪಿದೆ. ನನ್ನ ಆಗಸ್ಟ್ ಸಂಬಳ, ರಜೆ ಅದರಲ್ಲಿ ಹೊಂದಿಸಿಕೊಳ್ಳಿ, ಉಳಿದದ್ದು ನನಗೆ ಬೇಡ, ಲೆಕ್ಕ ಮುಗಿಯಿತು ಅಂತ ಬರೆದುಕೊಡಿ" ಅನ್ನಿ. 2,400 ಬಿಟ್ಟರೆ ನಿಮಗೆ ದೊಡ್ಡ ನಷ್ಟ ಏನಿಲ್ಲ. ಅವರಿಗೂ ಕೈಯಿಂದ ಹಣ ಹೋಗುವುದಿಲ್ಲ. ಇಂಥ ಮಾತಿಗೆ ಒಪ್ಪದ ಮಾಲಕರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ಅವರ ಸಿಟ್ಟು ಹಣದ್ದಕ್ಕಿಂತ, ಆರ್ಡರ್ ಇದ್ದಾಗ ಮಷಿನ್ ಖಾಲಿ ಬಿಟ್ಟು ಹೋದ ಅನ್ನುವುದರ ಮೇಲೆ ಇರುತ್ತದೆ.

ಹೋಗುವ ದಿನ ನೋಡಿಕೊಂಡು ಹೋಗಿ. ಸಣ್ಣ ಫ್ಯಾಕ್ಟರಿಯಲ್ಲಿ ಎಚ್‌ಆರ್ ಅಂತ ಬೇರೆ ಯಾರೂ ಇರುವುದಿಲ್ಲ, ಪತ್ರ ಟೈಪ್ ಮಾಡುವವರು ಅಕೌಂಟೆಂಟೇ. ಅವರಿಗೆ 7ರೊಳಗೆ ಸಂಬಳ, 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಇನ್ನೊಂದು ಜಿಎಸ್‌ಟಿ ರಿಟರ್ನ್. ಆ ದಿನಗಳಲ್ಲಿ ಹೋದರೆ "ನಾಳೆ ಬಾ" ಅನ್ನುತ್ತಾರೆ, ಅದು ನಿಮ್ಮ ಮೇಲಿನ ಸಿಟ್ಟಿಗಲ್ಲ. 21ರ ಮೇಲೆ, ಊಟದ ಹೊತ್ತು ಕಳೆದು ಹೋಗಿ. ಹಾವೇರಿಯಿಂದ ಬರುವವರು ನೀವು, ಹಿಂದಿನ ದಿನ ಫೋನ್ ಮಾಡಿ ಮಾಲಕರು ಊರಲ್ಲಿ ಇದ್ದಾರಾ ಅಂತ ಕೇಳಿಕೊಂಡೇ ಬಸ್ ಹತ್ತಿ.

ಹೋಗುವ ಮೊದಲು ಒಂದು ಮೆಸೇಜ್ ಕಳಿಸಿ, ಅದೇ ಮಾತನ್ನು ಈಮೇಲ್‌ನಲ್ಲೂ ಹಾಕಿ. ಮುಂದೆ ಏನಾದರೂ ಆದರೆ ನೀವು ಕೇಳಿದ್ದಕ್ಕೆ ಸಾಕ್ಷಿ ಇರುತ್ತದೆ. ಉದ್ದ ಬೇಡ. ಹೀಗೆ ಬರೆದರೆ ಸಾಕು:

"ಸರ್ ನಮಸ್ಕಾರ. ನಾನು ನಿಮ್ಮಲ್ಲಿ ಜೂನ್ 2019ರಿಂದ 14-08-2023ರವರೆಗೆ ಸಿಎನ್‌ಸಿ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ತಂದೆಗೆ ಆರಾಮ ಇಲ್ಲದ್ದರಿಂದ ನೋಟಿಸ್ ಮುಗಿಯುವ 20 ದಿನ ಮೊದಲೇ ಬಿಡಬೇಕಾಯಿತು. ಅದರಿಂದ ನಿಮ್ಮ ಕೆಲಸಕ್ಕೆ ತೊಂದರೆ ಆಗಿದ್ದು ನನಗೆ ಗೊತ್ತು, ಕ್ಷಮೆ ಇರಲಿ. ಈಗ ಜರ್ಮನಿಯಲ್ಲಿ ಇದೇ ಕೆಲಸ ಸಿಕ್ಕಿದೆ. ವೀಸಾಕ್ಕೆ ನಿಮ್ಮ ಲೆಟರ್‌ಹೆಡ್ ಮೇಲೆ ಅನುಭವ ಪತ್ರ ಬೇಕು. ಕರಡು ನಾನೇ ತಯಾರು ಮಾಡಿ ತರುತ್ತೇನೆ, ನಿಮ್ಮ ರೆಕಾರ್ಡ್ ನೋಡಿ ತಿದ್ದಿ ಸಹಿ ಮಾಡಿದರೆ ಸಾಕು. ನೋಟಿಸ್ ಪೇ ಲೆಕ್ಕವನ್ನೂ ಅದೇ ದಿನ ಮುಗಿಸುತ್ತೇನೆ. ಈ ತಿಂಗಳು 22 ಅಥವಾ 23ಕ್ಕೆ ಬರಲಾ?"

ಇದರಲ್ಲಿ ಎರಡು ಮಾತು ಮುಖ್ಯ. ಒಂದು, ತಪ್ಪನ್ನು ನೀವೇ ಮೊದಲು ಹೇಳಿದ್ದೀರಿ, ಅವರು ಹೇಳುವುದು ಉಳಿಯಲಿಲ್ಲ. ಇನ್ನೊಂದು, ಕರಡು ನೀವೇ ತರುತ್ತೀರಿ. ಆ ಎರಡನೆಯದು ಯಾಕೆ ಬೇಕು ಅಂತ ನನಗೆ ಪಾಠ ಆಗಿದೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ಫಿಟ್ಟರ್ ಹುಡುಗನಿಗೆ ನಾನೇ ಅನುಭವ ಪತ್ರ ಟೈಪ್ ಮಾಡಿಕೊಟ್ಟಿದ್ದೆ. "ಇವರು ನಮ್ಮಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಾರೆ, ನಡತೆ ಒಳ್ಳೆಯದು, ಭವಿಷ್ಯಕ್ಕೆ ಶುಭವಾಗಲಿ." ಅಷ್ಟೇ. ಏನು ಕೆಲಸ ಅಂತ ಒಂದು ಅಕ್ಷರ ಇಲ್ಲ. ಪತ್ರ ವಾಪಸ್ ಬಂತು. ಅಷ್ಟರಲ್ಲಿ ಮಾಲಕರು ತಿಂಗಳಗಟ್ಟಲೆ ಊರಿಂದ ಹೊರಗೆ ಹೋಗಿದ್ದರು, ಹುಡುಗನ ಕೆಲಸ ಕೈತಪ್ಪಿತು. ಇವತ್ತಿಗೂ ಆ ಮೂರು ಸಾಲು ನನ್ನ ಮನಸ್ಸಿನಿಂದ ಹೋಗಿಲ್ಲ.

ಹಾಗಾದರೆ ಕರಡಿನಲ್ಲಿ ಏನಿರಬೇಕು? ಇಂಗ್ಲಿಷ್‌ನಲ್ಲಿ ಬರೆಯಿರಿ. ಮೇಲೆ ಲೆಟರ್‌ಹೆಡ್, ಅದರಲ್ಲಿ ವಿಳಾಸ, ಫೋನ್, ಈಮೇಲ್, ಜಿಎಸ್‌ಟಿ ನಂಬರ್ ಇರಬೇಕು. ಆಮೇಲೆ ತಾರೀಖು. ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ, ಜೊತೆಗೆ ಪಾಸ್‌ಪೋರ್ಟ್ ನಂಬರ್. ನಮ್ಮ ಕಡೆ ಇದೊಂದು ದೊಡ್ಡ ತಲೆನೋವು. ಫ್ಯಾಕ್ಟರಿ ರಿಜಿಸ್ಟರ್‌ನಲ್ಲಿ ಹೆಸರು, ಮುಂದೆ ಒಂದು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲಾ ಇರುತ್ತದೆ. ಎರಡೂ ಬೇರೆ ಇದ್ದರೆ "ನಮ್ಮ ರೆಕಾರ್ಡ್‌ನಲ್ಲಿ ಇವರ ಹೆಸರು ಹೀಗಿದೆ, ಇಬ್ಬರೂ ಒಬ್ಬರೇ" ಅಂತ ಅದೇ ಪತ್ರದಲ್ಲಿ ಒಂದು ಸಾಲು ಸೇರಿಸಿಬಿಡಿ.

ನಂತರ ಅವಧಿ. ಇಲ್ಲಿ ನಿಮ್ಮ ಟ್ರೇನಿ ವಿಷಯ ಬರುತ್ತದೆ. ಇಡೀ ನಾಲ್ಕು ವರ್ಷವನ್ನೂ ಆಪರೇಟರ್ ಅಂತ ಬರೆಸಲು ಮನಸ್ಸಾಗಬಹುದು. ಬೇಡ. ನೇಮಕಾತಿ ಪತ್ರದಲ್ಲಿ ಟ್ರೇನಿ, ಅನುಭವ ಪತ್ರದಲ್ಲಿ ಆಪರೇಟರ್ ಅಂತ ಬಂದರೆ ಅಧಿಕಾರಿ ಎರಡನ್ನೂ ನಂಬುವುದಿಲ್ಲ. ನಿಮಗೆ ಅದರ ಅಗತ್ಯವೂ ಇಲ್ಲ. ಟ್ರೇನಿಯಾಗಿದ್ದ ದಿನಗಳು 2020ರ ಕೊನೆಗೇ ಮುಗಿದಿವೆ, ಐದು ವರ್ಷದ ಲೆಕ್ಕದ ಹೊರಗೇ ಇವೆ. ಲೆಕ್ಕಕ್ಕೆ ಬರುವ 24 ತಿಂಗಳು ಪೂರ್ತಿ ನೀವು ಆಪರೇಟರ್. ಹಾಗಾಗಿ ಎರಡು ಸಾಲು ಮಾಡಿ: ಇಷ್ಟರಿಂದ ಇಷ್ಟರವರೆಗೆ ಟ್ರೇನಿ, ಇಷ್ಟರಿಂದ 14 ಆಗಸ್ಟ್ 2023ರವರೆಗೆ ಸಿಎನ್‌ಸಿ ಆಪರೇಟರ್. ದಿನ, ತಿಂಗಳು, ವರ್ಷ ಮೂರೂ ಇರಲಿ. ಪೂರ್ಣಾವಧಿ ಅಂತ ಸ್ಪಷ್ಟವಾಗಿ ಬರೆದು, ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 48 ಗಂಟೆ ಅಂತ ಹಾಕಿ. ಕೊನೆಯ ಸಂಬಳ 24,000 ಅಂತಲೂ ಇರಲಿ, ಬ್ಯಾಂಕ್ ಪಾಸ್‌ಬುಕ್ ಜೊತೆ ಹೊಂದುತ್ತದೆ.

ಆಮೇಲೆ ಕೆಲಸದ ವಿವರ. ಪತ್ರದ ಜೀವ ಇದು. "ಸಿಎನ್‌ಸಿ ಕೆಲಸ ಮಾಡಿದ್ದಾರೆ" ಅಂದರೆ ಏನೂ ಹೇಳಿದಂತೆ ಆಗಲಿಲ್ಲ. ಬೆಳಿಗ್ಗೆ ಶಿಫ್ಟ್‌ಗೆ ಬಂದಾಗಿನಿಂದ ನೀವು ಏನೇನು ಮಾಡುತ್ತಿದ್ದಿರಿ ಅಂತ ನೆನಪು ಮಾಡಿಕೊಂಡು ಐದಾರು ಸಾಲು ಬರೆಯಿರಿ. ಡ್ರಾಯಿಂಗ್ ಓದಿ ಜಾಬ್ ಕಟ್ಟುವುದು, ಚಕ್‌ನ ಜಾ ಬದಲಿಸುವುದು, ಟೂಲ್ ಆಫ್‌ಸೆಟ್ ಕೊಡುವುದು, ಪ್ರೋಗ್ರಾಂನಲ್ಲಿ ಸಣ್ಣ ತಿದ್ದುಪಡಿ ಮಾಡುವುದು, ವಾಲ್ವ್ ಬಾಡಿಯ ಬೋರ್ ಮತ್ತು ಫ್ಲೇಂಜ್ ಫೇಸ್ ಟರ್ನಿಂಗ್, ಮೊದಲ ಪೀಸ್ ತೆಗೆದು ಮೈಕ್ರೋಮೀಟರ್, ಬೋರ್ ಗೇಜ್‌ನಿಂದ ಅಳೆದು ರಿಪೋರ್ಟ್ ಬರೆಯುವುದು, ಇನ್ಸರ್ಟ್ ಸವೆದಾಗ ಬದಲಿಸುವುದು. ಯಾವ ಮಷಿನ್, ಯಾವ ಕಂಟ್ರೋಲ್ ಅಂತಲೂ ಹೇಳಿ. ಜರ್ಮನಿಯ ಆಫರ್‌ನಲ್ಲಿರುವ ಕೆಲಸದ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಆದರೆ ಅದರ ಸಾಲುಗಳನ್ನೇ ನಕಲು ಹೊಡೆಯಬೇಡಿ. ನೀವು ಪ್ರೋಗ್ರಾಂ ಪೂರ್ತಿ ಬರೆಯುತ್ತಿರಲಿಲ್ಲ ಅಂದರೆ ಬರೆಯುತ್ತಿದ್ದೆ ಅಂತ ಹಾಕಬೇಡಿ. ಮಾಲಕರೂ ಅದಕ್ಕೆ ಸಹಿ ಮಾಡಲು ಹಿಂದೆಮುಂದೆ ನೋಡುತ್ತಾರೆ, ಅಲ್ಲಿ ಹೋಗಿ ಮಷಿನ್ ಮುಂದೆ ನಿಂತಾಗ ಕೂಡ ಗೊತ್ತಾಗುತ್ತದೆ.

ಕೊನೆಗೆ ಸಹಿ, ಸಹಿಯ ಕೆಳಗೆ ಹೆಸರು, ಹುದ್ದೆ, ಮೊಬೈಲ್ ನಂಬರ್, ಸೀಲ್. ಬರೀ ಸೀಲ್ ಮೇಲೆ ಗೀಚಿದ ಸಹಿ ಸಾಲದು, ಯಾರು ಮಾಡಿದ್ದು ಅಂತ ಓದಲು ಬರಬೇಕು.

ಈಗ ಪಿಎಫ್. ಇದರಲ್ಲಿ ನೀವು ಅವಸರ ಮಾಡುತ್ತೀರಿ ಅನ್ನುವುದೇ ನನ್ನ ಭಯ. ಪೋರ್ಟಲ್‌ನಲ್ಲಿ Manage ಒಳಗೆ Mark Exit ಅಂತ ಇದೆ. ಕೊನೇ ವಂತಿಗೆ ಬಂದು ಎರಡು ತಿಂಗಳು ಕಳೆದರೆ ಬಿಟ್ಟ ದಿನಾಂಕವನ್ನು ನಾವೇ ಹಾಕಿಕೊಳ್ಳಬಹುದು, ಮಾಲಕರು ಬೇಕಿಲ್ಲ. ಎಲ್ಲರೂ ನಿಮಗೆ ಅದನ್ನೇ ಹೇಳುತ್ತಾರೆ. ಆದರೆ ಕೊನೇ ವಂತಿಗೆ ಯಾವ ತಿಂಗಳದ್ದೋ ಆ ತಿಂಗಳ ಒಳಗಿನ ದಿನಾಂಕವನ್ನೇ ಅದು ತೆಗೆದುಕೊಳ್ಳುತ್ತದೆ. ನಿಮಗೆ ಆಗಸ್ಟ್ ಸಂಬಳವೇ ಆಗಿಲ್ಲ, ಅಂದರೆ ಆಗಸ್ಟ್ ಪಿಎಫ್ ಕಟ್ಟಿರುವ ಸಾಧ್ಯತೆ ಕಡಿಮೆ. ಮೊದಲು ಪಾಸ್‌ಬುಕ್ ತೆಗೆದು ನೋಡಿ. ಕೊನೇ ವಂತಿಗೆ ಜುಲೈ 2023ರದ್ದಾಗಿದ್ದರೆ ನೀವು ಜುಲೈ 31 ದಾಟಿ ಹಾಕಲು ಆಗುವುದಿಲ್ಲ. ಅನುಭವ ಪತ್ರದಲ್ಲಿ ಆಗಸ್ಟ್ 14, ಪಿಎಫ್‌ನಲ್ಲಿ ಜುಲೈ 31. ಒಮ್ಮೆ ಹಾಕಿದ ಮೇಲೆ ಅದನ್ನು ತಿದ್ದಿಸುವುದು ಇನ್ನೊಂದು ತಲೆನೋವು.

ಅದಕ್ಕೆ ಲೆಕ್ಕ ಮುಗಿಸುವ ದಿನವೇ ಈ ಮಾತನ್ನೂ ತೆಗೆಯಿರಿ. ಆಗಸ್ಟ್ ಸಂಬಳವನ್ನು ನೋಟಿಸ್ ಪೇಗೆ ಹೊಂದಿಸಿಕೊಂಡರೂ ಅದು ಸಂಬಳವೇ, ಅದರ ಮೇಲೆ ಪಿಎಫ್ ಕಟ್ಟಬೇಕು. ಆಫೀಸಿನವರು ಆಗಸ್ಟ್ ವಂತಿಗೆಯನ್ನು ಈಗ ಕಟ್ಟಿ, ಅವರ ಲಾಗಿನ್‌ನಿಂದಲೇ 14-08-2023 ಅಂತ ಹಾಕಿದರೆ ಎಲ್ಲವೂ ಸರಿಹೋಗುತ್ತದೆ. ತಡವಾಗಿದ್ದಕ್ಕೆ ಬಡ್ಡಿ, ದಂಡ ಬೀಳುತ್ತದೆ, ಹದಿನಾಲ್ಕು ದಿನದ ವಂತಿಗೆಗೆ ಅದು ದೊಡ್ಡ ಮೊತ್ತ ಏನಲ್ಲ. ಆದರೂ ಮಾಲಕರು ಅದಕ್ಕೆ ಒಪ್ಪಲಿಲ್ಲ ಅಂದರೆ ಹಠ ಹಿಡಿಯಬೇಡಿ. ಆಗ ರಿಲೀವಿಂಗ್ ಲೆಟರ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಕೊನೆಯ ಕೆಲಸದ ದಿನ 14 ಆಗಸ್ಟ್ 2023, ಆಗಸ್ಟ್ ತಿಂಗಳ ಸಂಬಳವನ್ನು ಅಂತಿಮ ಲೆಕ್ಕದಲ್ಲಿ ಹೊಂದಿಸಲಾಗಿದೆ, ಹಾಗಾಗಿ ಪಿಎಫ್ ದಾಖಲೆ ಜುಲೈಗೆ ನಿಂತಿದೆ. ವ್ಯತ್ಯಾಸಕ್ಕೆ ಕಾರಣ ಕಾಗದದ ಮೇಲೆ ಇದ್ದರೆ ಅದು ಅನುಮಾನ ಆಗುವುದಿಲ್ಲ. ಮತ್ತೆ ನಿಮ್ಮ ಕ್ಯಾಲೆಂಡರ್‌ನಲ್ಲೂ ಆಗಸ್ಟ್ 14ರ ಬದಲು ಜುಲೈ 31ನ್ನೇ ಕೊನೆ ಅಂತ ಹಿಡಿಯಿರಿ. ಅಧಿಕಾರಿ ಪಿಎಫ್ ದಿನಾಂಕವನ್ನೇ ನಂಬಿದರೂ ನಿಮ್ಮ 24 ತಿಂಗಳು ಉಳಿಯಬೇಕು.

ದಿನಾಂಕ ಸರಿಯಾದ ಮೇಲೆ View ಒಳಗಿನ Service History ಪುಟವನ್ನು ಪ್ರಿಂಟ್ ತೆಗೆದುಕೊಳ್ಳಿ. ಅದು, ನೇಮಕಾತಿ ಪತ್ರ, ಕೆಲವು ಸಂಬಳದ ಚೀಟಿ, ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನು ಅನುಭವ ಪತ್ರದ ಹಿಂದೆ ಇಟ್ಟರೆ ಪತ್ರಕ್ಕೆ ಬೆನ್ನೆಲುಬು ಬರುತ್ತದೆ. ಪಿಎಫ್ ಪಾಸ್‌ಬುಕ್‌ನಲ್ಲಿ ಸಂಬಳ 15,000 ಅಂತ ಕಂಡರೆ ಗಾಬರಿ ಆಗಬೇಡಿ, ಎಷ್ಟೋ ಕಡೆ ಅಷ್ಟರ ಮೇಲೆಯೇ ಪಿಎಫ್ ಕಟ್ಟುತ್ತಾರೆ. ಡಿಪ್ಲೊಮಾಗೆ ಸರ್ಕಾರಿ ಮಾನ್ಯತೆ ಇದೆ ಅನ್ನುವ ದೃಢೀಕರಣವನ್ನು ಜರ್ಮನಿಯ ಝೆಡ್‌ಎಬಿ ಕಚೇರಿಯಿಂದ ಆನ್‌ಲೈನ್‌ನಲ್ಲಿ ತರಿಸಬೇಕಾಗುತ್ತದೆ. ಅದು ಬೇರೆಯೇ ಕೆಲಸ, ಆದರೆ ಅದಕ್ಕೂ ಸಮಯ ಹಿಡಿಯುತ್ತದೆ, ಪತ್ರಕ್ಕೆ ಕಾಯುತ್ತಾ ಕೂರದೆ ಇವತ್ತೇ ಶುರು ಮಾಡಿ.

ಮಾಲಕರು ಏನು ಮಾಡಿದರೂ ಕೊಡಲ್ಲ ಅಂದರೆ? ಕಾನೂನು ಇದೆ, ಆದರೆ ಅದು ನಿಮ್ಮ ಜುಲೈ ಒಳಗೆ ಮುಗಿಯುವುದು ಕಷ್ಟ. ದೊಡ್ಡ ಕಾರ್ಖಾನೆಗಳಿಗೆ ಅನ್ವಯಿಸುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಮಾದರಿ ನಿಯಮದಲ್ಲಿ ಕಾಯಂ ಕೆಲಸಗಾರನಿಗೆ ಸೇವಾ ಪ್ರಮಾಣ ಪತ್ರದ ಹಕ್ಕು ಇತ್ತು, ಸಣ್ಣ ಫ್ಯಾಕ್ಟರಿಗಳು ಅದರ ಹೊರಗೇ ಇದ್ದವು. ನವೆಂಬರ್ 2025ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಹಾಗಾಗಿ ಮೊದಲ ಭೇಟಿಯಲ್ಲಿ ಕೆಲಸ ಆಗದಿದ್ದರೆ ಒಂದು ವಾರ ಬಿಟ್ಟು ಅದೇ ಕೋರಿಕೆಯನ್ನು ಲೆಕ್ಕದ ಹಾಳೆ ಸಮೇತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹತ್ತು ದಿನ ನೋಡಿ, ಬಾಕಿ ಸಂಬಳ ಮತ್ತು ರಜೆ ಹಣದ ವಿಷಯವಾಗಿ ಕಾರ್ಮಿಕ ಇಲಾಖೆಯ ಕಚೇರಿಗೆ, ಆಗಸ್ಟ್ ವಂತಿಗೆ ವಿಷಯವಾಗಿ ನವನಗರದ ಪಿಎಫ್ ಕಚೇರಿಗೆ ಅರ್ಜಿ ಕೊಡಬಹುದು. ಇದನ್ನು ಬೆದರಿಕೆಯಾಗಿ ಮೊದಲೇ ಹೇಳಬೇಡಿ. ಒಮ್ಮೆ ಇಲಾಖೆಯ ಹೆಸರು ತೆಗೆದರೆ ಅನುಭವ ಪತ್ರದ ಮಾತು ಅಲ್ಲಿಗೇ ನಿಲ್ಲುತ್ತದೆ.

ಅದರ ಜೊತೆ ಇನ್ನೊಂದು ದಾರಿಯನ್ನೂ ತಯಾರಿಡಿ. ನಿಮ್ಮ ಮೇಲೆ ಇದ್ದ ಸೂಪರ್‌ವೈಸರ್ ಈಗ ಬೇರೆ ಕಡೆ ಇದ್ದರೂ ಸರಿ, ಅವರು ಬಿಳಿ ಹಾಳೆಯ ಮೇಲೆ ತಮ್ಮ ಹೆಸರಿನಲ್ಲಿ ಬರೆದುಕೊಡಬಹುದು: ಆ ಫ್ಯಾಕ್ಟರಿಯಲ್ಲಿ ನಾನು ಇಂಥ ಹುದ್ದೆಯಲ್ಲಿದ್ದೆ, ಇವರು ನನ್ನ ಕೈಕೆಳಗೆ ಇಷ್ಟು ದಿನ ಈ ಕೆಲಸ ಮಾಡಿದ್ದಾರೆ, ನನ್ನ ಫೋನ್ ನಂಬರ್ ಇದು. ಅವರು ಅಲ್ಲಿದ್ದರು ಅನ್ನುವುದಕ್ಕೆ ಅವರದೇ ಒಂದು ದಾಖಲೆಯ ನಕಲು ಜೊತೆಗೆ ಬೇಕು. ಅದಕ್ಕೆ ನೀವು ಕಳಿಸಿದ ಮೆಸೇಜ್, ಸ್ಪೀಡ್ ಪೋಸ್ಟ್ ರಸೀದಿ, ಪಿಎಫ್, ಬ್ಯಾಂಕ್ ಕಾಗದ ಸೇರಿಸಿ, ಪತ್ರ ಯಾಕೆ ಸಿಗಲಿಲ್ಲ ಅಂತ ಒಂದು ಪುಟದ ವಿವರಣೆ ಕೊಡಿ. ಇದು ಮಾಲಕರ ಪತ್ರದಷ್ಟು ಗಟ್ಟಿ ಅಲ್ಲ, ಒಪ್ಪುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ನೋಟರಿ ಮುಂದೆ ನೀವೇ ಮಾಡಿಸಿದ ಅಫಿಡವಿಟ್ ಮಾತ್ರ ಕೊಟ್ಟರೆ ಅದಕ್ಕೆ ಬೆಲೆ ಬಹಳ ಕಡಿಮೆ.

ಈ ಹೊತ್ತಿನಲ್ಲಿ ಯಾರಾದರೂ ಬಂದು "ಇಷ್ಟು ಕೊಡಿ, ಎರಡು ದಿನದಲ್ಲಿ ಲೆಟರ್‌ಹೆಡ್ ಮೇಲೆ ಪತ್ರ ಮಾಡಿಸಿಕೊಡ್ತೀನಿ" ಅಂತ ಹೇಳಬಹುದು. ದಯವಿಟ್ಟು ಆ ಕಡೆ ತಿರುಗಬೇಡಿ. ನೀವು ನಿಜವಾಗಿ ಕೆಲಸ ಮಾಡಿದವರು, ಪಿಎಫ್‌ನಲ್ಲಿ ನಾಲ್ಕು ವರ್ಷದ ಗುರುತು ಇದೆ. ಒಂದು ಸುಳ್ಳು ಕಾಗದ ಸೇರಿದರೆ ನಿಜವಾದ ಕಾಗದಗಳೂ ಸುಳ್ಳಾಗುತ್ತವೆ, ಈ ಸಲದ ವೀಸಾ ಜೊತೆ ಮುಂದಿನದ್ದಕ್ಕೂ ಕಲ್ಲು ಬೀಳುತ್ತದೆ.

ಪತ್ರ ಕೈಗೆ ಬಂದಾಗ ಅಲ್ಲೇ ಟೇಬಲ್ ಮುಂದೆ ನಿಂತು ಪಾಸ್‌ಪೋರ್ಟ್ ಪಕ್ಕ ಇಟ್ಟು ಅಕ್ಷರ ಅಕ್ಷರ ಹೊಂದಿಸಿ ನೋಡಿ. ಹಾವೇರಿಗೆ ಹೋದ ಮೇಲೆ ತಪ್ಪು ಕಂಡರೆ ಮತ್ತೊಂದು ಸಲ ಬರಬೇಕಾಗುತ್ತದೆ, ಎರಡನೇ ಸಲಕ್ಕೆ ಅವರ ಮುಖವೂ ಬೇರೆ ಇರುತ್ತದೆ. ಎರಡು ಮೂಲ ಪ್ರತಿಗೆ ಸಹಿ ಮಾಡಿಸಿಕೊಳ್ಳಿ, ಸ್ಕ್ಯಾನ್ ಮಾಡಿದ ಪ್ರತಿಯನ್ನು ಕಂಪನಿಯ ಈಮೇಲ್‌ನಿಂದಲೇ ನಿಮಗೆ ಕಳಿಸಲು ಹೇಳಿ. ಹೊರಡುವಾಗ ಅಕೌಂಟೆಂಟ್‌ಗೂ, ಲ್ಯಾಂಡ್‌ಲೈನ್ ಎತ್ತುವವರಿಗೂ ಒಂದು ಮಾತು ಹೇಳಿ ಬನ್ನಿ: ಇಂಥ ಹೆಸರಿನವರ ಬಗ್ಗೆ ಕಾನ್ಸುಲೇಟ್‌ನಿಂದಲೋ ಜರ್ಮನಿಯಿಂದಲೋ ಇಂಗ್ಲಿಷ್‌ನಲ್ಲಿ ಫೋನ್ ಬರಬಹುದು, "ಗೊತ್ತಿಲ್ಲ" ಅಂತ ಇಡಬೇಡಿ, ಮಾಲಕರಿಗೆ ಕೊಡಿ. ಪತ್ರದ ಒಂದು ನಕಲನ್ನು ಅವರ ಫೈಲ್‌ನಲ್ಲೂ ಹಾಕಿಸಿ. ಎರಡು ತಿಂಗಳು ಬಿಟ್ಟು ಫೋನ್ ಬಂದಾಗ, ಅಲ್ಲಿ ಕೂತಿರುವವರು ಹೊಸಬರಾದರೂ ನೋಡಿ ಹೇಳಲು ಅದು ಇರುತ್ತದೆ.